ಹೆಡ್ಜ್: ಒಂದು ಪುಟ್ ಕೊಂಡರೆ ಸಾಕಾ?

ಅಡಿಕೆ ಮಾರಿದ ದುಡ್ಡು ಮಂಡಿಯಿಂದ ಸೀದಾ ಡಿಮ್ಯಾಟ್‌ಗೆ ಹೋಗಲು ಶುರುವಾದ ಮೇಲೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ: "ನಂದು ಹೆಡ್ಜ್ ಆಗಿದೆ ಮಾರಾಯ್ರೆ." ಅಂದರೆ ಮಾರ್ಕೆಟ್ ಬಿದ್ದರೆ ಆಗುವ ನಷ್ಟಕ್ಕೆ ತಡೆ ಹಾಕಿಕೊಂಡಿದ್ದೇನೆ ಅಂತ. ಹೇಗೆ ಅಂತ ಕೇಳಿದರೆ ಒಬ್ಬರು ಇಪ್ಪತ್ತು ಕಂಪನಿಯ ಷೇರು ತೋರಿಸುತ್ತಾರೆ. ಇನ್ನೊಬ್ಬರು ಬರುವ ಮಂಗಳವಾರ ಮುಗಿಯುವ ಒಂದೇ ಒಂದು ನಿಫ್ಟಿ ಪುಟ್ ತೋರಿಸುತ್ತಾರೆ; ಪುಟ್ ಎಂದರೆ ನಿಫ್ಟಿ ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದರೆ ಆ ವ್ಯತ್ಯಾಸದ ದುಡ್ಡು ಕೊಡುವ ಒಪ್ಪಂದ. ಮತ್ತೊಬ್ಬರು "ನನ್ನ ಷೇರಿನ ಬೀಟಾ ಕಡಿಮೆ, ಹಾಗಾಗಿ ಸೇಫ್" ಅನ್ನುತ್ತಾರೆ.

ಇಪ್ಪತ್ತು ಕಂಪನಿ ಇಟ್ಟರೆ ಒಂದು ಕಂಪನಿ ಮುಳುಗಿದಾಗಿನ ಏಟು ಕಮ್ಮಿಯಾಗುತ್ತದೆ. ಇಡೀ ಮಾರ್ಕೆಟ್ ಬಿದ್ದರೆ ಇಪ್ಪತ್ತೂ ಬೀಳುತ್ತವೆ. ಉಳಿದ ಈ ಏಟಿಗೆ ಇಂಡೆಕ್ಸ್ ಪುಟ್ ಬೇಕು. ಎಷ್ಟು ಬೇಕು ಅಂತ ಲೆಕ್ಕ ಹಾಕದೆ ಕೊಂಡರೆ ಅದು ಹೆಡ್ಜ್ ಅಲ್ಲ, ಸುಮ್ನೆ ಒಂದು ಟ್ರೇಡ್.

ಆ ಲೆಕ್ಕಕ್ಕೆ ಬೇಕಾದದ್ದು ಬೀಟಾ. ಎಲ್ಲರೂ ಎಡವುವುದೂ ಇಲ್ಲೇ. ಬೀಟಾ ಅಪಾಯದ ಮೀಟರ್ ಅಲ್ಲ. ನಿಫ್ಟಿ 1% ಆಡಿದಾಗ ನಿಮ್ಮ ಷೇರು ಸರಾಸರಿ ಎಷ್ಟು ಆಡಿದೆ ಎಂಬುದಷ್ಟೇ ಅದು. ಷೇರು ತನ್ನದೇ ಕಾರಣಕ್ಕೆ ಎಷ್ಟು ಕುಣಿಯುತ್ತದೆ ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಬೀಟಾ 0.4 ಇರುವ ಸಣ್ಣ ಕಂಪನಿಯ ಷೇರು ಆರು ತಿಂಗಳಲ್ಲಿ ಅರ್ಧಕ್ಕೆ ಬರಬಹುದು. ನಿಫ್ಟಿ ಅಲ್ಲಾಡದೆ ನಿಂತಿದ್ದರೆ ನಿಮ್ಮ ಪುಟ್‌ನಿಂದ ನಯಾಪೈಸೆ ಬರುವುದಿಲ್ಲ. 2018ರಲ್ಲಿ ಹೆಚ್ಚುಕಮ್ಮಿ ಇದೇ ಆಯಿತು. ಆ ವರ್ಷ ನಿಫ್ಟಿ ಸುಮಾರು 3% ಏರಿತು, ಸ್ಮಾಲ್‌ಕ್ಯಾಪ್ ಇಂಡೆಕ್ಸ್ 29%ರಷ್ಟು ಬಿತ್ತು. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದವರಿಗೆ ಈ ಸಂಕಟ ಗೊತ್ತು. ದುಡ್ಡು ಬರುವುದು ಪಂಚಾಯಿತಿಯ ಮಳೆಮಾಪಕ ತೋರಿಸಿದ ಲೆಕ್ಕಕ್ಕೆ. ನಿಮ್ಮ ತೋಟಕ್ಕೆ ಕೊಳೆ ಬಂತೋ ಇಲ್ಲವೋ ಅದು ಕೇಳುವುದಿಲ್ಲ.

ಇನ್ನೊಂದು ಮೋಸವಿದೆ. ವ್ಯವಹಾರ ಕಮ್ಮಿ ಇರುವ ಷೇರಿನಲ್ಲಿ ಇವತ್ತಿನ ಮಾರ್ಕೆಟ್ ಕುಸಿತ ಬೆಲೆಗೆ ತಟ್ಟುವುದು ನಾಳೆಯೋ ನಾಡಿದ್ದೋ. ದಿನದ ಏರಿಳಿತ ಹಿಡಿದು ಬೀಟಾ ತೆಗೆದರೆ ಅದು ಸುಳ್ಳುಸುಳ್ಳೇ ಕಡಿಮೆ ಕಾಣುತ್ತದೆ. ಅದಕ್ಕೇ ವಾರದ ಲೆಕ್ಕ ತೆಗೆದುಕೊಳ್ಳಿ. ಎರಡು ವರ್ಷದ ವಾರವಾರದ ಶೇಕಡಾ ಬದಲಾವಣೆಯನ್ನು ಶೀಟ್‌ನಲ್ಲಿ ಹಾಕಿ. A ಕಾಲಂನಲ್ಲಿ ನಿಫ್ಟಿ, B ಕಾಲಂನಲ್ಲಿ ನಿಮ್ಮ ಷೇರು:

```
=SLOPE(B2:B105, A2:A105)
```

ಆ್ಯಪ್‌ನಲ್ಲಿ ಕಾಣುವ ಬೀಟಾ ಯಾವ ಇಂಡೆಕ್ಸ್‌ಗೆ ಹೋಲಿಸಿದ್ದು, ಎಷ್ಟು ಕಾಲದ್ದು ಅಂತ ಗೊತ್ತಿಲ್ಲದಿದ್ದರೆ ಅದನ್ನು ನಂಬಬೇಡಿ. ಪುಟ್ ನಿಫ್ಟಿಯದಾದರೆ ಬೀಟಾನೂ ನಿಫ್ಟಿಗೇ ಹೋಲಿಸಿ ತೆಗೆದದ್ದಾಗಿರಬೇಕು.

ಈಗ ಲೆಕ್ಕ. ತೀರ್ಥಹಳ್ಳಿಯ ಒಬ್ಬ ತೋಟದವರ ಹತ್ತಿರ 40 ಲಕ್ಷದ ಷೇರು ಇದೆ ಅಂದುಕೊಳ್ಳಿ. ಬ್ಯಾಂಕುಗಳಲ್ಲಿ 12 ಲಕ್ಷ, ಬೀಟಾ 1.1. ಐಟಿಯಲ್ಲಿ 8 ಲಕ್ಷ, ಬೀಟಾ 0.8. ಮೆಟಲ್ ಮತ್ತು ಯಂತ್ರೋಪಕರಣದ ಕಂಪನಿಗಳಲ್ಲಿ 20 ಲಕ್ಷ, ಬೀಟಾ 1.5. ಒಂದೊಂದನ್ನೂ ಅದರದರ ಬೀಟಾದಿಂದ ಗುಣಿಸಿ ಕೂಡಿಸಿದರೆ 49.6 ಲಕ್ಷ. ಅಂದರೆ ಇಡೀ ಗಂಟಿನ ಬೀಟಾ 1.24. ಇವರ 40 ಲಕ್ಷ ಮಾರ್ಕೆಟ್ ಕಣ್ಣಿಗೆ ಸುಮಾರು 50 ಲಕ್ಷದ ನಿಫ್ಟಿ ಇದ್ದ ಹಾಗೆ.

ಪುಟ್ ಬಿಡಿಯಾಗಿ ಸಿಗುವುದಿಲ್ಲ, ಲಾಟ್ ಎಂಬ ಕಟ್ಟಿನ ಲೆಕ್ಕದಲ್ಲೇ ಕೊಳ್ಳಬೇಕು. ನಿಫ್ಟಿ 25,000, ಲಾಟ್ 65 ಎಂದು ಇಟ್ಟುಕೊಳ್ಳೋಣ. ಲಾಟ್ ಗಾತ್ರ ಬದಲಾಗುತ್ತಿರುತ್ತದೆ, 2024ರ ನವೆಂಬರಿನಲ್ಲಿ 25 ಇದ್ದದ್ದು 75ಕ್ಕೆ ಹೋಗಿತ್ತು, ಹಾಗಾಗಿ ಕೊಳ್ಳುವ ದಿನ ನೋಡಿಕೊಳ್ಳಿ. ಒಂದು ಲಾಟ್ ಎಂದರೆ 16.25 ಲಕ್ಷ. 49.6ನ್ನು ಅದರಿಂದ ಭಾಗಿಸಿದರೆ 3.05. ಮೂರು ಲಾಟ್ ಬೇಕು. ಬೀಟಾ ಮರೆತು ಬರೀ 40 ಲಕ್ಷವನ್ನು ಭಾಗಿಸಿದ್ದರೆ ಎರಡೂವರೆ ಬಂದು, "ಎರಡು ಸಾಕು ಬಿಡಿ" ಅಂತ ಆಗುತ್ತಿತ್ತು.

ಇವರು ಮೂರು ತಿಂಗಳ ಎಕ್ಸ್‌ಪೈರಿಯ 23,750ರ ಪುಟ್ ಕೊಂಡರು, ಅಂದರೆ ಈಗಿನ ಮಟ್ಟಕ್ಕಿಂತ 5% ಕೆಳಗಿನದು. ಪ್ರೀಮಿಯಂ 220 ರೂಪಾಯಿ ಎಂದುಕೊಂಡರೆ ಮೂರು ಲಾಟ್‌ಗೆ 42,900 ರೂಪಾಯಿ. ಎಕ್ಸ್‌ಪೈರಿ ದಿನ ನಿಫ್ಟಿ 12% ಬಿದ್ದು 22,000ಕ್ಕೆ ಬಂತು. ಬೀಟಾ ಹೇಳಿದ ಹಾಗೇ ಷೇರುಗಳು ಬಿದ್ದರೆ ನಷ್ಟ ಸುಮಾರು 5.95 ಲಕ್ಷ. ಪುಟ್‌ನಿಂದ 3.41 ಲಕ್ಷ ಬಂತು, ಪ್ರೀಮಿಯಂ ಕಳೆದರೆ 2.98 ಲಕ್ಷ. ಕೈಯಿಂದ ಹೋದದ್ದು ಸುಮಾರು 3 ಲಕ್ಷ. ಎರಡೇ ಲಾಟ್ ಇದ್ದಿದ್ದರೆ ಸುಮಾರು 4 ಲಕ್ಷ ಹೋಗುತ್ತಿತ್ತು.

"ಹೆಡ್ಜ್ ಮಾಡಿಯೂ 3 ಲಕ್ಷ ಹೋಯ್ತಲ್ಲ" ಅಂತ ಕೇಳುವವರಿದ್ದಾರೆ. ಹೋಗಲೇಬೇಕು. ಮೊದಲ 5% ಕುಸಿತವನ್ನು ನಾನೇ ಹೊರುತ್ತೇನೆ ಎಂದು ಒಪ್ಪಿದ್ದಕ್ಕೇ ಅಲ್ವಾ ಪುಟ್ ಅಗ್ಗಕ್ಕೆ ಸಿಕ್ಕಿದ್ದು?

ಇನ್ನು ಡೆಲ್ಟಾದ ಗೊಂದಲ. ನಿಫ್ಟಿ ಒಂದು ಅಂಕ ಆಡಿದಾಗ ಪುಟ್‌ನ ಬೆಲೆ ಎಷ್ಟು ರೂಪಾಯಿ ಆಡುತ್ತದೆ ಎಂಬುದೇ ಡೆಲ್ಟಾ. ನಿಫ್ಟಿ 300 ಅಂಕ ಬಿದ್ದ ದಿನ ಈ ಪುಟ್ 60-70 ರೂಪಾಯಿಯಷ್ಟೇ ಏರುತ್ತದೆ, ಯಾಕೆಂದರೆ ಅದರ ಡೆಲ್ಟಾ ಶುರುವಿಗೆ 0.2ರ ಆಸುಪಾಸು. ಅದನ್ನು ಕಂಡು ಗಾಬರಿಯಾಗಿ 3.05ನ್ನು 0.2ರಿಂದ ಭಾಗಿಸಿ ಹದಿನೈದು ಲಾಟ್ ಕೊಳ್ಳುವವರೂ ಇದ್ದಾರೆ. ಅದು ಇವತ್ತಿನ ಏರಿಳಿತವನ್ನು ಇವತ್ತೇ ಸರಿದೂಗಿಸುವ ಲೆಕ್ಕ. ಬೆಲೆ ಸರಿದ ಹಾಗೆಲ್ಲ ಲಾಟ್ ಕಡಿಮೆ ಮಾಡುತ್ತಾ ಕೂರಬೇಕು, ಪ್ರೀಮಿಯಂ ಐದು ಪಟ್ಟು. ದೊಡ್ಡ ಕುಸಿತಕ್ಕೆ ಅಂತ ಇಟ್ಟುಕೊಂಡು ಎಕ್ಸ್‌ಪೈರಿವರೆಗೆ ಕಾಯುವವರು ಡೆಲ್ಟಾದಿಂದ ಭಾಗಿಸಬಾರದು.

ಎಕ್ಸ್‌ಪೈರಿಯ ವಿಷಯಕ್ಕೆ ಬಂದರೆ, ವಾರದ ಪುಟ್ ಅಗ್ಗ ಎನ್ನುವುದು ಕಣ್ಣಿನ ಭ್ರಮೆ. ಮೂರು ತಿಂಗಳಿಗೆ ಹದಿಮೂರು ಸಲ ಕೊಳ್ಳಬೇಕು, ಮೇಲೆ ಮಾರ್ಕೆಟ್ ವಾರಕ್ಕೆ 2% ಮಾತ್ರ ಇಳಿಯುತ್ತಾ ಹೋದರೆ 5% ಕೆಳಗಿನ ಪುಟ್ ಪ್ರತಿ ಮಂಗಳವಾರವೂ ಸೊನ್ನೆಯಾಗುತ್ತದೆ. ಎಂಟು ವಾರದಲ್ಲಿ 15% ಹೋಗಿರುತ್ತದೆ, ಕೈಗೆ ಏನೂ ಬಂದಿರುವುದಿಲ್ಲ. ಹಾಗಂತ ತೀರಾ ದೂರದ್ದು ಕೊಂಡರೆ ಕೊಳ್ಳುವವರೂ ಮಾರುವವರೂ ಕಮ್ಮಿ, ಎರಡು ಬೆಲೆಯ ನಡುವಿನ ಅಂತರದಲ್ಲೇ ದುಡ್ಡು ಸೋರುತ್ತದೆ. ಎರಡು-ಮೂರು ತಿಂಗಳಿನ ಮಾಸಿಕ ಪುಟ್ ಕೊಂಡು, ಒಂದು ತಿಂಗಳು ಉಳಿದಾಗ ಮಾರಿ ಮುಂದಿನದಕ್ಕೆ ಹೋಗುವುದು ನನಗೆ ಸರಿ ಕಾಣುತ್ತದೆ. ಕೊನೆಯ ತಿಂಗಳಲ್ಲಿ ಪ್ರೀಮಿಯಂ ಕರಗುವ ವೇಗ ಜಾಸ್ತಿ.

ಭಯ ಶುರುವಾದ ಮೇಲೆ ಕೊಂಡರೆ ದುಬಾರಿ. 2024ರ ಚುನಾವಣಾ ಫಲಿತಾಂಶಕ್ಕೆ ಮುಂಚೆ ಮಾರ್ಕೆಟ್‌ನ ಭಯ ಅಳೆಯುವ ಇಂಡಿಯಾ ವಿಕ್ಸ್ ಏರಿ ಪುಟ್‌ಗಳು ಊದಿಕೊಂಡಿದ್ದವು. ಜೂನ್ 4ರಂದು ನಿಫ್ಟಿ ಸುಮಾರು 6% ಬಿತ್ತು. 7ಕ್ಕೆ ಬಿದ್ದಷ್ಟೂ ಎದ್ದು ನಿಂತಿತ್ತು, ವಿಕ್ಸ್ ಇಳಿದಿತ್ತು. ಜೂನ್ 27ರ ಎಕ್ಸ್‌ಪೈರಿವರೆಗೂ 23,000ದ ಪುಟ್ ಹಿಡಿದು ಕೂತವರಿಗೆ ಸಿಕ್ಕಿದ್ದು ಸೊನ್ನೆ. ಇಂಥ ಕುಸಿತದ ದಿನ ಪುಟ್ ಚೆನ್ನಾಗಿ ಏರಿದ್ದರೆ ಅದನ್ನು ಮಾರಿ, ಬಂದ ದುಡ್ಡಿನ ಒಂದು ಭಾಗದಲ್ಲಿ ಇನ್ನೂ ಕೆಳಗಿನ ಸ್ಟ್ರೈಕ್‌ನದು ಕೊಳ್ಳಬಹುದು. ಲಾಟ್ ಎಷ್ಟು ಎಂಬುದನ್ನು ಆಗ ಮತ್ತೆ ಲೆಕ್ಕ ಹಾಕಿ. ಷೇರಿನ ಮೌಲ್ಯವೂ ನಿಫ್ಟಿಯೂ ಅಷ್ಟೊತ್ತಿಗೆ ಬೇರೆಯಾಗಿರುತ್ತವೆ.