440 ಹರ್ಟ್ಸ್ ಶ್ರುತಿಕವೆ 60 ಹರ್ಟ್ಸ್ ಎಂದು ತೋರಿಸುವುದೇಕೆ?

ಪ್ರಶ್ನೆ: ಲ್ಯಾಬಿನಲ್ಲಿ 440 ಹರ್ಟ್ಸ್ ಶ್ರುತಿಕವೆಯನ್ನು ಬಡಿದು, ಡೇಟಾ ಲಾಗರಿನ ಮೈಕ್ ಸೆನ್ಸರ್ ಮುಂದೆ ಹಿಡಿದೆವು. ಸ್ಯಾಂಪ್ಲಿಂಗ್ ರೇಟ್ ಸೆಕೆಂಡಿಗೆ 500 ಇತ್ತು. ಗ್ರಾಫಿನಲ್ಲಿ ಚೆಂದದ ಅಲೆಯೇ ಬಂತು, ಆದರೆ ಎಣಿಸಿದರೆ 60 ಹರ್ಟ್ಸ್! ಸೆನ್ಸರ್ ಕೆಟ್ಟಿದೆಯೇ? ರೇಟ್ ಎಷ್ಟಿಡಬೇಕು?

ಸೆನ್ಸರ್ ಸರಿಯಾಗಿಯೇ ಇದೆ, ಲಾಗರ್ ಬರೆದುಕೊಂಡ ಒಂದೊಂದು ಅಂಕಿಯೂ ಸರಿ. ತಪ್ಪಿರುವುದು ಅಂಕಿಗಳ ನಡುವಿನ ಅಂತರ.

500ರ ರೇಟ್ ಎಂದರೆ ಪ್ರತಿ 2 ಮಿಲಿಸೆಕೆಂಡಿಗೆ ಒಂದು ಅಳತೆ. ಅಷ್ಟರಲ್ಲಿ 440 ಹರ್ಟ್ಸ್ ಅಲೆ 0.88 ಸುತ್ತು ಮುಗಿಸಿರುತ್ತದೆ, ಅಂದರೆ ಪೂರ್ತಿ ಸುತ್ತಿಗೆ 0.12 ಕಡಿಮೆ. 60 ಹರ್ಟ್ಸ್ ಅಲೆ ಅದೇ 2 ಮಿಲಿಸೆಕೆಂಡಿನಲ್ಲಿ ಸರಿಯಾಗಿ 0.12 ಸುತ್ತು ಹೋಗುತ್ತದೆ. ಎರಡನ್ನೂ ಶಿಖರದಿಂದ ಶುರುಮಾಡಿ ಲೆಕ್ಕ ಹಾಕಿ ನೋಡಿ: ಮೊದಲ ಮೂರು ಅಳತೆಗಳು ಎರಡಕ್ಕೂ 1, 0.73, 0.06. ಮುಂದಿನವೂ ಹೀಗೆಯೇ ತಾಳೆಯಾಗುತ್ತವೆ. ಅಂಕಿಗಳೇ ಒಂದೇ ಆದಮೇಲೆ ಇದು ಯಾವ ಅಲೆಯದು ಎಂದು ಯಾವ ಸಾಫ್ಟ್‌ವೇರೂ ಹೇಳಲಾರದು. ಅದು ಕಡಿಮೆ ಆವೃತ್ತಿಯ ಅಲೆಯನ್ನೇ ಆರಿಸಿಕೊಂಡು ತೋರಿಸುತ್ತದೆ. ಹೀಗೆ ಹೆಚ್ಚಿನ ಆವೃತ್ತಿ ಕಡಿಮೆ ಆವೃತ್ತಿಯ ವೇಷ ಹಾಕಿಕೊಂಡು ಬರುವುದೇ ಅಲಿಯಾಸಿಂಗ್. 500 − 440 = 60, ನಿಮಗೆ ಸಿಕ್ಕಿದ್ದು ಅದೇ.

ನೈಕ್ವಿಸ್ಟ್ ನಿಯಮದ ಪ್ರಕಾರ ಸ್ಯಾಂಪ್ಲಿಂಗ್ ರೇಟ್ ಧ್ವನಿಯಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚಿರಬೇಕು. ಸರಿಯಾಗಿ ಎರಡರಷ್ಟೇ ಇದ್ದರೆ ಸಾಲದು: 880ರಲ್ಲಿ 440ನ್ನು ಅಳೆದರೆ, ಪ್ರತಿ ಅಳತೆಯೂ ಅಲೆ ಸೊನ್ನೆ ದಾಟುವ ಜಾಗದಲ್ಲೇ ಬಿದ್ದು ಗ್ರಾಫ್ ಚಪ್ಪಟೆಯಾಗಬಹುದು. ಹಾಗಾದರೆ 1000 ಸಾಕಲ್ಲವೇ? ಶುದ್ಧ 440ಕ್ಕೆ ಸಾಕು. ಧ್ವನಿಯಲ್ಲಿ ಯಾವ ಯಾವ ಆವೃತ್ತಿಗಳಿವೆ ಎಂದು ಬಿಡಿಸಿ ತೋರಿಸುವ ಎಫ್‌ಎಫ್‌ಟಿ ಲೆಕ್ಕ ಮಾಡಿದರೆ ಶಿಖರ 440ರಲ್ಲೇ ನಿಲ್ಲುತ್ತದೆ. ಗ್ರಾಫ್ ಮಾತ್ರ ಉಬ್ಬಿ ಇಳಿಯುತ್ತಿರುವಂತೆ ವಿಕಾರವಾಗಿ ಕಾಣುತ್ತದೆ. ಒಂದು ಸುತ್ತಿಗೆ ಎರಡೂ ಚಿಲ್ಲರೆ ಚುಕ್ಕೆಗಳಿದ್ದು, ಸಾಫ್ಟ್‌ವೇರ್ ಅವನ್ನು ನೇರ ಗೆರೆಯಿಂದ ಸೇರಿಸುವುದರಿಂದ ಹಾಗಾಗುತ್ತದೆ. ಅದು ಅಲಿಯಾಸಿಂಗ್ ಅಲ್ಲ. ಅಲೆಯ ಆಕಾರವನ್ನು ಕಣ್ಣಿಗೆ ಕಾಣುವಂತೆ ಬಿಡಿಸಬೇಕಾದರೆ ಹತ್ತು ಪಟ್ಟು ರೇಟ್ ಇಡುವುದು ವಾಸಿ.

ನಿಯಮದಲ್ಲಿ ಹೆಚ್ಚಿನವರು ಎಡವುವುದು ‘ಧ್ವನಿಯಲ್ಲಿರುವ ಅತಿ ಹೆಚ್ಚಿನ ಆವೃತ್ತಿ’ ಎಂಬಲ್ಲಿ. ಅದನ್ನು ‘ನಮಗೆ ಬೇಕಾದ ಆವೃತ್ತಿ’ ಎಂದು ಓದಿಕೊಂಡುಬಿಡುತ್ತಾರೆ. ಶ್ರುತಿಕವೆಯನ್ನು ಗಟ್ಟಿ ವಸ್ತುವಿಗೆ ಬಡಿದಾಗ ಮೊದಲು ಟಿಣ್ ಎಂಬ ಚೂಪು ದನಿ ಕೇಳುತ್ತದಲ್ಲ, ಅದರ ಆವೃತ್ತಿ ಮೂಲ ಸ್ವರದ ಸುಮಾರು ಆರೂಕಾಲು ಪಟ್ಟು. ನಿಮ್ಮ ಕವೆಗೆ ಸುಮಾರು 2750 ಹರ್ಟ್ಸ್. 2000ದ ರೇಟಿನಲ್ಲಿ ಧೈರ್ಯವಾಗಿ ಅಳೆದರೆ 440 ಸರಿಯಾಗಿಯೇ ಬರುತ್ತದೆ, ಜೊತೆಗೆ 750ರ ಹತ್ತಿರ ಇನ್ನೊಂದು ಪುಟ್ಟ ಶಿಖರವೂ ಏಳುತ್ತದೆ. ಕವೆಯಲ್ಲಿ ಅಂಥ ಸ್ವರವೇ ಇಲ್ಲ. 2750ರಿಂದ 2000 ಕಳೆದರೆ ಉಳಿಯುವ ನೆರಳದು.

ನಿಜವಾದ ಶಿಖರ ಯಾವುದು, ನೆರಳು ಯಾವುದು ಎಂದು ತಿಳಿಯಲು ರೇಟ್ ಬದಲಿಸಿ ಮತ್ತೆ ಬಡಿಯಿರಿ. 2000ವನ್ನು 2500 ಮಾಡಿದರೆ 440 ಕದಲುವುದಿಲ್ಲ, 750ರದ್ದು 250ಕ್ಕೆ ಓಡುತ್ತದೆ. ಜಾಗ ಬದಲಿಸಿದ್ದು ನೆರಳು. ಹೊಸ ರೇಟ್ ಹಳೆಯದರ ಎರಡರಷ್ಟೋ ಅರ್ಧವೋ ಆಗದಂತೆ ನೋಡಿಕೊಳ್ಳಿ, ಕೆಲವು ನೆರಳುಗಳು ಆಗ ಅಲ್ಲೇ ಉಳಿದು ಮೋಸಮಾಡುತ್ತವೆ.

ನಿಮ್ಮ ಪ್ರಯೋಗಕ್ಕೆ ನಾನಾದರೆ 10,000 ಇಡುತ್ತೇನೆ. 2750ರ ಎರಡರಷ್ಟು 5500, ಅದರ ಮೇಲೆ ಒಂದಿಷ್ಟು ಅವಕಾಶವೂ ಸಿಗುತ್ತದೆ. ಲಾಗರಿನ ಮೆಮೊರಿ ತುಂಬುತ್ತದೆ ಎಂದಾದರೆ ಒಂದು ಸೆಕೆಂಡ್ ಮಾತ್ರ ದಾಖಲಿಸಿ, 10,000 ಅಂಕಿಗಳಾಗುತ್ತವೆ ಅಷ್ಟೇ.

ಲಾಗರ್ 2000ಕ್ಕಿಂತ ಮೇಲೆ ಹೋಗದಿದ್ದರೆ, ಹೆಚ್ಚಿನ ಆವೃತ್ತಿಗಳನ್ನು ಅಳತೆಗೆ ಮುಂಚೆಯೇ ತಡೆಯಬೇಕು. ದಾಖಲಾದ ಮೇಲೆ ಸಾಫ್ಟ್‌ವೇರ್ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ, 750ಕ್ಕೆ ಬಂದು ಕೂತ ನೆರಳನ್ನು ಅದು ನಿಜವಾದ 750ರಿಂದ ಬೇರ್ಪಡಿಸಲಾರದು. ಮೈಕ್ ಮತ್ತು ಲಾಗರ್ ನಡುವೆ ಸರಣಿಯಲ್ಲಿ 1.6 ಕಿಲೋಓಮ್ ರೆಸಿಸ್ಟರ್, ಲಾಗರಿನ ಇನ್‌ಪುಟ್‌ನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸುಮಾರು 1000 ಹರ್ಟ್ಸ್‌ನ ಲೋ-ಪಾಸ್ ಫಿಲ್ಟರ್ ಆಗುತ್ತದೆ. ಆದರೆ ಅದು 2750ನ್ನು ಮೂರನೇ ಒಂದಕ್ಕೆ ಇಳಿಸುತ್ತದೆ, ಅಳಿಸುವುದಿಲ್ಲ. ಅದಕ್ಕಿಂತ ಸುಲಭದ ದಾರಿಯೆಂದರೆ ಕವೆಯನ್ನು ರಬ್ಬರ್ ಪ್ಯಾಡಿಗೆ ಮೆಲ್ಲಗೆ ಬಡಿದು, ಟಿಣ್ ದನಿ ಅಡಗುವವರೆಗೆ ಒಂದೆರಡು ಸೆಕೆಂಡ್ ಕಾದು, ಆಮೇಲೆ ರೆಕಾರ್ಡಿಂಗ್ ಶುರುಮಾಡುವುದು.