ಬ್ರಾದ ಬೆನ್ನುಪಟ್ಟಿ ಏನು ಹೇಳುತ್ತದೆ?

ಸಕಲೇಶಪುರದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿರುವ ನನ್ನ ಅತ್ತಿಗೆ ಒಂದು ಮಳೆಗಾಲದಲ್ಲಿ ಹಾಸನದ ನಮ್ಮ ಮನೆಗೆ ಬಂದಿದ್ದಾಗ, ಎರಡೂ ಹೆಗಲ ಮೇಲೆ ಬೆರಳಗಲಕ್ಕೆ ಬಿದ್ದಿದ್ದ ಕೆಂಪು ಗೆರೆಗಳನ್ನು ತೋರಿಸಿ, "ಬೋರ್ಡಿನ ಮೇಲೆ ಬರೆಯೋಕೆ ಕೈ ಎತ್ತಿದಾಗಲೆಲ್ಲ ಕುತ್ತಿಗೆವರೆಗೂ ಎಳೀತದೆ ಕಣೇ" ಎಂದರು. ಬ್ರಾ ಅಳತೆ ತಪ್ಪಿರಬಹುದೇ ಎಂದು ಕೇಳಿದ್ದಕ್ಕೆ, ಹದಿನೈದು ವರ್ಷಗಳಿಂದ ತಾವು 36 ಬಿ ಹಾಕುತ್ತಿರುವುದಾಗಿಯೂ ಅಳತೆಯಲ್ಲಿ ತಪ್ಪೇನೂ ಇಲ್ಲವೆಂದೂ ಅವರ ಉತ್ತರ. ಆ ಅಳತೆಯನ್ನು ಯಾರು ತೆಗೆದದ್ದೆಂದು ವಿಚಾರಿಸಿದರೆ, ಯಾರೂ ತೆಗೆದಿರಲಿಲ್ಲ. ನಮ್ಮ ಪೇಟೆಗಳ ಎಷ್ಟೋ ಅಂಗಡಿಗಳಲ್ಲಿ ಹಾಕಿ ನೋಡುವುದಕ್ಕೆ ಕೋಣೆ ಇರುವುದಿಲ್ಲ. ಕೌಂಟರಿನ ಆಚೆ ಗಂಡಸು ನಿಂತಿದ್ದರೆ ಹೆಂಗಸರು ತಗ್ಗಿದ ದನಿಯಲ್ಲಿ ಹಳೆಯ ಸಂಖ್ಯೆಯನ್ನೇ ಹೇಳಿ, ಪೊಟ್ಟಣ ಕಟ್ಟಿಸಿಕೊಂಡು ಬಂದುಬಿಡುತ್ತಾರೆ.

ಅತ್ತಿಗೆಯ ತೊಂದರೆಯ ಮೂಲ ಹೆಗಲಪಟ್ಟಿಯಲ್ಲಿರಲಿಲ್ಲ, ಎದೆಯ ಕೆಳಗೆ ಸುತ್ತು ಬಂದು ಬೆನ್ನಿನಲ್ಲಿ ಹುಕ್ಕಿಗೆ ಸೇರುವ ಅಗಲವಾದ ಪಟ್ಟಿಯಲ್ಲಿತ್ತು. ಸ್ತನದೊಳಗೆ ಎಲುಬಾಗಲಿ ಸ್ನಾಯುವಾಗಲಿ ಇಲ್ಲ; ಗ್ರಂಥಿ ಮತ್ತು ಕೊಬ್ಬನ್ನು ಹಿಡಿದಿಟ್ಟಿರುವುದು ಮೇಲಿನ ಚರ್ಮ ಹಾಗೂ ಒಳಗಿನ ತೆಳುವಾದ ನಾರುಗಳು ಮಾತ್ರ. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1840ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವನ್ನು ವಿವರಿಸಿದ್ದರಿಂದ ಇಂದಿಗೂ ಅವು ಕೂಪರನ ಬಂಧಗಳೆಂದೇ ಹೆಸರಾಗಿವೆ. ಹೀಗಿರುವ ಅಂಗದ ಭಾರವನ್ನು ಹೊರಗಿನಿಂದ ಹೊರಬೇಕಾದರೆ ಅದಕ್ಕೊಂದು ಗಟ್ಟಿ ನೆಲೆ ಬೇಕು, ಆ ನೆಲೆ ಪಕ್ಕೆಲುಬುಗಳ ಗೂಡು. ಪಟ್ಟಿಯು ಗೂಡನ್ನು ಸುತ್ತಲೂ ಹಿತವಾಗಿ ಬಿಗಿದು ಹಿಡಿದಿದ್ದರೆ ಹೆಚ್ಚಿನ ಭಾರ ಅಲ್ಲಿಗೇ ಹೋಗುತ್ತದೆ, ಹೆಗಲಪಟ್ಟಿಗೆ ಕಪ್ಪಿನ ಮೇಲಂಚನ್ನು ಮೈಗೆ ಒತ್ತಿ ಇಡುವಷ್ಟೇ ಕೆಲಸ ಉಳಿಯುತ್ತದೆ.

ಪಟ್ಟಿ ಸಡಿಲವಾದಾಗ ಆಗುವುದು ಏತದ ಕತೆ. ಮುಂದಿನ ಭಾರ ಕೆಳಗಿಳಿಯುತ್ತದೆ, ಹೆಗಲ ಮೇಲೆ ಹಾದುಹೋಗಿರುವ ಪಟ್ಟಿ ಹಿಂಭಾಗವನ್ನು ಮೇಲಕ್ಕೆಳೆಯುತ್ತದೆ, ಬೆನ್ನುಪಟ್ಟಿ ಕಮಾನಿನಂತೆ ಬಾಗಿ ಹೆಗಲೆಲುಬಿನತ್ತ ಏರುತ್ತದೆ. ಎದೆ ಜೋಲುತ್ತಿದೆ ಎಂದುಕೊಂಡು ಹೆಗಲಪಟ್ಟಿಯನ್ನು ಇನ್ನಷ್ಟು ಚಿಕ್ಕದು ಮಾಡಿದರೆ ಬೆನ್ನುಪಟ್ಟಿ ಇನ್ನಷ್ಟು ಮೇಲೇರುತ್ತದೆ, ಹೆಗಲಿನ ಗೆರೆ ಇನ್ನಷ್ಟು ಆಳವಾಗುತ್ತದೆ. ಅತ್ತಿಗೆ ವರ್ಷಗಟ್ಟಲೆ ಮಾಡುತ್ತಿದ್ದುದು ಇದನ್ನೇ.

ಆದ್ದರಿಂದ ಮೊದಲು ನೋಡಬೇಕಾದದ್ದು ಬೆನ್ನು. ಕನ್ನಡಿಗೆ ಪಕ್ಕಕ್ಕೆ ತಿರುಗಿ ನಿಂತಾಗ ಪಟ್ಟಿಯು ಹಿಂದೆಯೂ ಮುಂದೆಯೂ ಒಂದೇ ಮಟ್ಟದಲ್ಲಿ, ನೆಲಕ್ಕೆ ಸಮನಾಗಿರಬೇಕು. ಎರಡೂ ಕೈಗಳನ್ನು ಮೇಲೆತ್ತಿ ಇಳಿಸಿದ ಮೇಲೂ ಅದು ಅಲ್ಲೇ ಕೂತಿರಬೇಕು. ಪಟ್ಟಿಯಡಿಯಲ್ಲಿ ಎರಡು ಬೆರಳು ಸಲೀಸಾಗಿ ತೂರಬೇಕೇ ಹೊರತು ಇಡೀ ಮುಷ್ಟಿ ಹಿಡಿಸಬಾರದು. ಬೆರಳೇ ತೂರದಿದ್ದರೆ, ಇಲ್ಲವೇ ಪೂರ್ತಿ ಉಸಿರೆಳೆಯಲು ಕಷ್ಟವೆನಿಸಿದರೆ, ಅದು ಅತಿ ಬಿಗಿ. ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ನಂಬಿಕೆಯದು: ಹೆಗಲಪಟ್ಟಿಗಳೆರಡನ್ನೂ ಹೆಗಲಿನಿಂದ ಜಾರಿಸಿ ಬಿಟ್ಟರೂ ಬ್ರಾ ಬಹುಮಟ್ಟಿಗೆ ಇದ್ದಲ್ಲೇ ಇರಬೇಕು. ಅತ್ತಿಗೆಯದು ಆ ಕ್ಷಣವೇ ಎರಡಂಗುಲ ಕೆಳಗೆ ಜಾರಿತು.

ಮರುದಿನ ಅವರು ಹೋಗಿ 34 ಬಿ ತಂದರು. ಈ ತಪ್ಪು ತೀರಾ ಸಾಮಾನ್ಯವಾದದ್ದು. ಪಟ್ಟಿಯೇನೋ ಸರಿಯಾಗಿ ಕೂತಿತು, ಆದರೆ ಕಪ್ಪಿನ ಮೇಲಂಚು ಮೈಯನ್ನು ಒತ್ತಿ, ರವಿಕೆಯ ಮೇಲೂ ಕಾಣುವಂತೆ ಎರಡು ಉಬ್ಬುಗಳನ್ನು ಮಾಡಿತು. ಬಿ, ಸಿ ಎಂಬ ಅಕ್ಷರಗಳು ತಮ್ಮಷ್ಟಕ್ಕೇ ಯಾವ ಗಾತ್ರವನ್ನೂ ಹೇಳುವುದಿಲ್ಲ. ಎದೆಯ ಕೆಳಗಿನ ಸುತ್ತಳತೆಗೂ ಎದೆಯ ಪೂರ್ಣ ಸುತ್ತಳತೆಗೂ ಇರುವ ಅಂತರವನ್ನಷ್ಟೇ ಸೂಚಿಸುತ್ತವೆ. ಹಾಗಾಗಿ 34 ಬಿ ಯ ಕಪ್ಪು 36 ಬಿ ಯ ಕಪ್ಪಿಗಿಂತ ಚಿಕ್ಕದು, 36 ಬಿ ಗೆ ಸಮನಾದದ್ದು 34 ಸಿ. ಪಟ್ಟಿಯಲ್ಲಿ ಒಂದು ಅಳತೆ ಇಳಿದರೆ ಅಕ್ಷರದಲ್ಲಿ ಒಂದು ಏರಬೇಕು. 'ಸಿ' ಎಂದರೆ ದೊಡ್ಡ ಎದೆಯವರಿಗೆ ಎಂಬ ಕಲ್ಪನೆಯಿಂದಾಗಿ ಅತ್ತಿಗೆ ಸ್ವಲ್ಪ ಹೊತ್ತು ಒಪ್ಪಲಿಲ್ಲ.

34 ಸಿ ಹಾಕಿಕೊಂಡ ಮೇಲೆ ಮುಂದಕ್ಕೆ ಬಾಗಿ, ಕಂಕುಳ ಕಡೆಗೆ ಸರಿದಿದ್ದ ಭಾಗವನ್ನೂ ಕೈಯಿಂದ ಕಪ್ಪಿನೊಳಗೆ ಸೇರಿಸಿಕೊಂಡು ನೆಟ್ಟಗಾಗುವಂತೆ ಹೇಳಿದೆ. ಇಷ್ಟು ಮಾಡದೆ ಕಪ್ಪನ್ನು ನೋಡಿದರೆ ತೀರ್ಮಾನ ತಪ್ಪುತ್ತದೆ. ಕಪ್ಪಿನ ಬಟ್ಟೆ ಸುಕ್ಕುಗಟ್ಟಿರಲಿಲ್ಲ, ಅಂಚಿನಲ್ಲಿ ಮೈ ಉಕ್ಕಿರಲಿಲ್ಲ. ಅದು ತಂತಿಯಿರುವ ಬ್ರಾ ಆದ್ದರಿಂದ ಎರಡು ಕಪ್ಪುಗಳ ನಡುವಿನ ತುಂಡು ಎದೆಯ ಮೂಳೆಗೆ ತಾಗಿ ಕೂತಿತ್ತು, ತಂತಿ ಸ್ತನದ ಮೇಲೇರದೆ ಅದರ ಬುಡವನ್ನು ಬಳಸಿಕೊಂಡು ಹೋಗಿತ್ತು. ತಂತಿಯಿಲ್ಲದ ಬ್ರಾಗಳಲ್ಲಿ ನಡುವಿನ ತುಂಡು ಪೂರ್ತಿ ತಾಗದಿದ್ದರೂ ಅದನ್ನು ದೋಷವೆನ್ನಲಾಗದು.

ಹೊಸತನ್ನು ಎಲ್ಲಕ್ಕಿಂತ ಸಡಿಲವಾದ ಹುಕ್ಕಿನ ಸಾಲಿಗೇ ಹಾಕಬೇಕು, ಅಲ್ಲಿಯೇ ಅದು ಸರಿಯಾಗಿ ಕೂರಬೇಕು. ಒಳಗಿನ ಬಿಗಿ ಸಾಲುಗಳು ಮುಂದಿನ ತಿಂಗಳುಗಳಿಗೆ ಇಟ್ಟ ದಾಸ್ತಾನು. ಅಂಗಡಿಯಿಂದ ತಂದ ದಿನವೇ ಕೊನೆಯ ಸಾಲಿಗೆ ಹಾಕಬೇಕಾಗಿ ಬಂದರೆ ಆ ಪಟ್ಟಿ ದೊಡ್ಡದಾಯಿತೆಂದೇ ಅರ್ಥ.

ಪಟ್ಟಿ ಸಡಿಲವಾಗುವುದೇಕೆ? ಅದರ ಹಿಗ್ಗುವಿಕೆಗೆ ಕಾರಣ ಎಲಾಸ್ಟೇನ್ ಎಂಬ ನೂಲು. ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಇದನ್ನು ರೂಪಿಸಿದರು. ಇದರ ಉದ್ದನೆಯ ಅಣುಸರಪಳಿಗಳಲ್ಲಿ ಸುರುಳಿಗಟ್ಟಿ ಹಿಗ್ಗಬಲ್ಲ ಮೆತ್ತನೆಯ ಭಾಗಗಳೂ, ಅಲ್ಲಲ್ಲಿ ಅವನ್ನು ಗಂಟು ಹಾಕಿದಂತೆ ಹಿಡಿದಿಡುವ ಗಡಸು ಭಾಗಗಳೂ ಇವೆ. ಎಳೆದಾಗ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಟ್ಟಾಗ ಗಂಟುಗಳ ನೆರವಿನಿಂದ ಹಿಂದಕ್ಕೆ ಬರುತ್ತದೆ. ಪದೇ ಪದೇ ಎಳೆತ, ಬೆವರು, ಮೈಜಿಡ್ಡು, ಕ್ಲೋರಿನ್ ಇರುವ ಬ್ಲೀಚು, ಇವೆಲ್ಲ ಸೇರಿ ಈ ಸರಪಳಿಗಳನ್ನು ಸ್ವಲ್ಪಸ್ವಲ್ಪವೇ ಹಾಳುಮಾಡುತ್ತವೆ. ಹೆಚ್ಚಿನ ಶಾಖವಂತೂ ಬೇಗ ಹಾಳುಮಾಡುತ್ತದೆ.

ಮಲೆನಾಡಿನಲ್ಲಿ ಈ ಶಾಖದ ಮಾತು ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪಗಳ ಕಡೆ ಬಟ್ಟೆ ತಾನಾಗಿ ಒಣಗದೆ, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕುವುದು ರೂಢಿ. ಲಂಗ, ಟವೆಲುಗಳಿಗೆ ಅದರಿಂದ ಹೊಗೆಯ ವಾಸನೆಯಷ್ಟೇ ಬಂದೀತು, ಬ್ರಾಕ್ಕೆ ಆಯುಷ್ಯವೇ ಕಡಿಮೆಯಾಗುತ್ತದೆ. ಹಾಗೆಂದು ತೇವವಿರುವುದನ್ನೇ ತೊಟ್ಟರೆ ಸ್ತನದ ಕೆಳಗಿನ ಮಡಿಕೆಯಲ್ಲಿ ಶಿಲೀಂಧ್ರ ಬೆಳೆದು ತುರಿಕೆ ಶುರುವಾಗುತ್ತದೆ. ಒಗೆದದ್ದನ್ನು ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನಡುವಿನ ತುಂಡನ್ನು ಹಗ್ಗದ ಮೇಲೆ ಇಟ್ಟು ಫ್ಯಾನಿನ ಗಾಳಿಗೆ ಬಿಡುವುದೇ ಸರಿ. ಹೆಗಲಪಟ್ಟಿಯಿಂದ ತೂಗುಹಾಕಿದರೆ ನೀರಿನ ಭಾರಕ್ಕೆ ಅದೂ ಹಿಗ್ಗುತ್ತದೆ.

ಬದಲಿಸುವುದಕ್ಕೆ ಆರು ತಿಂಗಳಿಂದ ಒಂದು ವರ್ಷ ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಕ್ಯಾಲೆಂಡರಿಗಿಂತ ಎಷ್ಟು ದಿನ ತೊಟ್ಟರು, ಎಷ್ಟು ಸಲ ಒಗೆದರು ಎಂಬುದೇ ಮುಖ್ಯ; ಒಂದನ್ನೇ ದಿನವೂ ತೊಟ್ಟರೆ ಅದು ಬೇಗ ಸೋಲುತ್ತದೆ, ಮೂರನ್ನು ಸರದಿಯಲ್ಲಿ ಬಳಸಿದರೆ ಪ್ರತಿಯೊಂದೂ ಅಷ್ಟು ಹೆಚ್ಚು ಕಾಲ ಬಾಳುತ್ತದೆ. ಕೊನೆಯ ಸಾಲಿನ ಹುಕ್ಕಿಗೆ ಹಾಕಿದ ಮೇಲೂ ಬೆನ್ನುಪಟ್ಟಿ ಏರತೊಡಗಿದರೆ ಅದರ ಕಾಲ ಮುಗಿಯಿತು. ಪಟ್ಟಿಯ ಅಂಚು ಅಲೆಅಲೆಯಾಗಿ ಸೊರಗಿರುವುದು ಇದೇ ಮಾತನ್ನು ಹೇಳುತ್ತದೆ. ತಂತಿ ಹೊರಗೆ ಚುಚ್ಚಲು ಶುರುವಾದರೆ ಹೊಲಿದು ಮುಂದುವರಿಸುವುದು ಬೇಡ. ಆದರೆ ಪಟ್ಟಿ ಬಿಗಿಯಾಗಿಯೇ ಇದ್ದು ಕಪ್ಪು ಮಾತ್ರ ಸಾಲದಾಗಿದ್ದರೆ ಸವೆದದ್ದು ಬ್ರಾ ಅಲ್ಲ, ಮೈ ಬದಲಾಗಿದೆ. ಬಸಿರು, ಹಾಲೂಡಿಸುವ ಕಾಲ, ತೂಕದ ಏರಿಳಿತ, ಮುಟ್ಟು ನಿಲ್ಲುವ ವಯಸ್ಸು ಇವುಗಳಲ್ಲಿ ಹಳೆಯ ಸಂಖ್ಯೆಯನ್ನು ಬಿಟ್ಟು ಹೊಸದಾಗಿ ಅಳೆಯಬೇಕು.

ಅತ್ತಿಗೆ ಆಗ ಮೂರು ಕೊಂಡರು. ಮುಂದಿನ ಯುಗಾದಿಗೆ ಬಂದಾಗ ಹೆಗಲಿನ ಗೆರೆಗಳು ಮಾಸಿದ್ದವು. ಎರಡು ಬ್ರಾಗಳು ಇನ್ನೂ ನಡುವಿನ ಸಾಲಿನ ಹುಕ್ಕಿನಲ್ಲಿದ್ದವು, ಮೂರನೆಯದು ಆಗಲೇ ಕೊನೆಯದಕ್ಕೆ ಬಂದಿತ್ತು. ಮಳೆಯ ದಿನಗಳಲ್ಲಿ ಅತ್ತೆಯವರು ಅದನ್ನು ಮಾತ್ರ ಅವಸರಕ್ಕೆಂದು ಬಚ್ಚಲೊಲೆಯ ಹಗ್ಗಕ್ಕೆ ಹಾಕುತ್ತಿದ್ದರಂತೆ.