ಒಂದೇ ಮಾತ್ರೆಯಲ್ಲಿ ಎರಡು ಔಷಧಿ: ಜಾಸ್ತಿ ರಕ್ತ ಹೋಗುವ ಮುಟ್ಟಿಗೆ ಕೊಡುವ ಮಾತ್ರೆಗಳ ಹಿನ್ನೆಲೆ

ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗ್ತಿದೆ ಅಂತ ಮೆಡಿಕಲ್ ಶಾಪ್‌ನಲ್ಲಿ ಹೇಳಿದರೆ ಸಾಮಾನ್ಯವಾಗಿ ಒಂದು ಸ್ಟ್ರಿಪ್ ಕೈಗೆ ಬರುತ್ತದೆ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ಹೆಸರಿರುತ್ತವೆ: ಟ್ರನೆಕ್ಸಾಮಿಕ್ ಆಸಿಡ್ 500 ಮಿ.ಗ್ರಾಂ, ಮೆಫೆನಾಮಿಕ್ ಆಸಿಡ್ 250 ಮಿ.ಗ್ರಾಂ. "ಬೆಳಿಗ್ಗೆ ಒಂದು, ರಾತ್ರಿ ಒಂದು" ಅಂತ ಹೇಳಿ ಕಳಿಸುತ್ತಾರೆ. ಕೆಲವರಿಗೆ ಕಡಿಮೆಯಾಗುತ್ತದೆ, ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. "ಮಾತ್ರೆ ನನಗೆ ಹಿಡಿಯಲಿಲ್ಲ" ಅನ್ನುತ್ತಾರೆ. ಇದು ಅರ್ಥವಾಗಬೇಕಾದರೆ ಈ ಎರಡು ಔಷಧಿಗಳು ಬೇರೆ ಬೇರೆಯಾಗಿ ಎಲ್ಲಿಂದ ಬಂದವು ಅಂತ ನೋಡಬೇಕು.

ಟ್ರನೆಕ್ಸಾಮಿಕ್ ಆಸಿಡ್ ಹುಟ್ಟಿದ್ದು ಜಪಾನಿನಲ್ಲಿ. ಉತಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ ಒಕಾಮೊಟೊ 1962ರಲ್ಲಿ ಇದನ್ನು ಪ್ರಕಟಿಸಿದರು. ಹೆರಿಗೆಯಾದ ಮೇಲೆ ರಕ್ತ ಸುರಿದು ಸಾಯುವ ತಾಯಂದಿರನ್ನು ಉಳಿಸಬೇಕು ಅನ್ನುವುದು ಉತಾಕೊ ಅವರ ಆಸೆಯಾಗಿತ್ತು. ಆದರೆ ಅಲ್ಲಿನ ಹೆರಿಗೆ ವೈದ್ಯರನ್ನು ಪರೀಕ್ಷೆಗೆ ಒಪ್ಪಿಸಲು ಅವರಿಂದ ಆಗಲಿಲ್ಲ. 20 ಸಾವಿರ ತಾಯಂದಿರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂದದ್ದು 2017ರಲ್ಲಿ. ಉತಾಕೊ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಈ ಭಾಗ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ನಡುವೆ, 1960ರ ದಶಕದ ಕೊನೆಗೇ, ಯುರೋಪಿನ ವೈದ್ಯರು ಇದನ್ನು ಮುಟ್ಟಿನ ರಕ್ತಸ್ರಾವಕ್ಕೆ ಕೊಟ್ಟು ನೋಡತೊಡಗಿದ್ದರು. ಗಾಯವಾದಾಗ ರಕ್ತ ಹೆಪ್ಪುಗಟ್ಟಿ ಅಲ್ಲೊಂದು ಬಲೆ ಕಟ್ಟಿಕೊಳ್ಳುತ್ತದೆ. ಆ ಬಲೆಯನ್ನು ಕತ್ತರಿಸಲು ಪ್ಲಾಸ್ಮಿನ್ ಅನ್ನುವ ವಸ್ತುವೂ ನಮ್ಮ ದೇಹದಲ್ಲೇ ಇದೆ. ಜಾಸ್ತಿ ಮುಟ್ಟಾಗುವವರ ಗರ್ಭಕೋಶದ ಒಳಪದರದಲ್ಲಿ ಈ ಕತ್ತರಿಸುವ ಕೆಲಸ ಜೋರಾಗಿರುತ್ತದೆ. ಟ್ರನೆಕ್ಸಾಮಿಕ್ ಆಸಿಡ್ ಆ ಕತ್ತರಿ ಬಲೆಗೆ ಅಂಟಿಕೊಳ್ಳದಂತೆ ತಡೆಯುತ್ತದೆ, ಅಷ್ಟೇ. ಇದು ಹಾರ್ಮೋನ್ ಅಲ್ಲ, ಮುಟ್ಟನ್ನು ಮುಂದೂಡುವುದಿಲ್ಲ, ನೋವನ್ನೂ ತೆಗೆಯುವುದಿಲ್ಲ. ಹಾಗಾಗಿ ರಕ್ತ ಜಾಸ್ತಿ ಹೋಗಲು ಶುರುವಾದ ಮೇಲೆ ತಗೊಂಡರೆ ಸಾಕು. ವಾರದ ಮುಂಚೆಯೇ ಶುರು ಮಾಡಿ ಪ್ರಯೋಜನವಿಲ್ಲ.

ಮೆಫೆನಾಮಿಕ್ ಆಸಿಡ್ ಬಂದದ್ದೂ ಅದೇ 1960ರ ದಶಕದಲ್ಲಿ, ನೋವಿನ ಮಾತ್ರೆಯಾಗಿ. ಮುಟ್ಟಿನ ಹೊಟ್ಟೆನೋವಿಗೆ ನಮ್ಮ ಹುಡುಗಿಯರೆಲ್ಲ ನುಂಗುವುದು ಇದನ್ನೇ. ಗರ್ಭಕೋಶವನ್ನು ಹಿಂಡಿ ನೋವು ತರಿಸುವ ಪ್ರೊಸ್ಟಾಗ್ಲಾಂಡಿನ್‌ಗಳನ್ನು ಇದು ಕಡಿಮೆ ಮಾಡುತ್ತದೆ. ಅವು ಕಡಿಮೆಯಾದರೆ ರಕ್ತವೂ ಸ್ವಲ್ಪ ಕಡಿಮೆ ಹೋಗುತ್ತದೆ.

ಎಷ್ಟು ಕಡಿಮೆ? ಇದಕ್ಕೆ 1996ರಲ್ಲಿ ಡಬ್ಲಿನ್‌ನ ವೈದ್ಯರು ಕೊಟ್ಟ ಉತ್ತರ ನನ್ನ ಪ್ರಕಾರ ಇಡೀ ವಿಷಯದ ತಿರುಳು. ಅವರು 76 ಹೆಂಗಸರಿಗೆ ಮೂರು ಔಷಧಿಗಳಲ್ಲಿ ಒಂದೊಂದನ್ನು ಕೊಟ್ಟು, ಹೋದ ರಕ್ತವನ್ನು ಅಳೆದೇ ನೋಡಿದರು. ಟ್ರನೆಕ್ಸಾಮಿಕ್ ಆಸಿಡ್‌ನಿಂದ ರಕ್ತಸ್ರಾವ ಶೇ 54ರಷ್ಟು ಇಳಿಯಿತು. ಮೆಫೆನಾಮಿಕ್ ಆಸಿಡ್‌ನಿಂದ ಶೇ 20ರಷ್ಟು. ಮೂರನೆಯದು ಎಥಾಮ್ಸಿಲೇಟ್. ಅದರಿಂದ ಏನೂ ಇಳಿಯಲಿಲ್ಲ. ನಮ್ಮ ಚೀಟಿಗಳಲ್ಲಿ ಎಥಾಮ್ಸಿಲೇಟ್ ಇನ್ನೂ ಕಾಣಿಸುತ್ತಲೇ ಇದೆ.

ಈಗ ಸ್ಟ್ರಿಪ್‌ಗೆ ವಾಪಸ್ ಬರೋಣ. 41 ವರ್ಷದ ಒಬ್ಬರು ಅಂತ ಇಟ್ಟುಕೊಳ್ಳಿ. ಎರಡನೇ ದಿನ ಗಂಟೆಗೊಂದು ಪ್ಯಾಡ್ ಬೇಕು, ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಜೋಡಿ ಮಾತ್ರೆ ದಿನಕ್ಕೆ ಎರಡು ತಗೊಂಡರು. ಅಂದರೆ ಟ್ರನೆಕ್ಸಾಮಿಕ್ ಆಸಿಡ್ ಹೊಟ್ಟೆಗೆ ಹೋದದ್ದು ದಿನಕ್ಕೆ 1 ಗ್ರಾಂ. ವೈದ್ಯರು ಸಾಮಾನ್ಯವಾಗಿ ಬರೆಯುವ ಪೂರ್ಣ ಪ್ರಮಾಣ 1 ಗ್ರಾಂನಂತೆ ದಿನಕ್ಕೆ ಮೂರು ಸಲ, ಅದೂ ಹೆಚ್ಚೆಂದರೆ ನಾಲ್ಕು ದಿನ. ಮೆಫೆನಾಮಿಕ್ ಆಸಿಡ್ 500 ಮಿ.ಗ್ರಾಂನಂತೆ ಮೂರು ಸಲ. ಇವರಿಗೆ ಎರಡೂ ಸಿಕ್ಕಿದ್ದು ಮೂರನೇ ಒಂದು ಭಾಗ. "ಹಿಡಿಯಲಿಲ್ಲ" ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಲೆಕ್ಕ.

ಹಾಗಂತ ಸುಮ್ನೆ ಮಾತ್ರೆ ಜಾಸ್ತಿ ಮಾಡಿಕೊಳ್ಳಬಾರದು. ಇವರಿಗೆ ಹೊಟ್ಟೆಹುಣ್ಣು ಇದ್ದರೆ, ನೋವಿನ ಮಾತ್ರೆಯಿಂದ ಉಬ್ಬಸ ಬರುತ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ ಮೆಫೆನಾಮಿಕ್ ಆಸಿಡ್ ಬೇಡವೇ ಬೇಡ. ಜೋಡಿ ಮಾತ್ರೆಯಲ್ಲಿ ಅದನ್ನು ಬಿಟ್ಟು ಇನ್ನೊಂದನ್ನು ಮಾತ್ರ ನುಂಗಲು ಆಗುವುದಿಲ್ಲ ಅಲ್ವಾ? ನೋವಿಲ್ಲದೆ ಬರೀ ರಕ್ತ ಹೋಗುವವರಿಗೆ ಟ್ರನೆಕ್ಸಾಮಿಕ್ ಆಸಿಡ್ ಒಂದೇ ಸಾಕಾಗಬಹುದು. ಅದು ಬಿಡಿಯಾಗಿಯೂ ಸಿಗುತ್ತದೆ. ಮೆಫೆನಾಮಿಕ್ ಆಸಿಡ್ ತಗೊಳ್ಳುವವರು ಊಟದ ಜೊತೆ ತಗೊಳ್ಳಬೇಕು, ಅದರ ಮೇಲೆ ಐಬುಪ್ರೊಫೇನ್ ಅಥವಾ ಡೈಕ್ಲೊಫೆನಾಕ್ ಸೇರಿಸಬಾರದು. ಮಾತ್ರೆ ಶುರು ಮಾಡಿದ ದಿನಗಳಲ್ಲೋ ವಾರಗಳಲ್ಲೋ ಜ್ವರದ ಜೊತೆ ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಅಪರೂಪದ ಈ ತೀವ್ರ ಅಲರ್ಜಿಯ ಬಗ್ಗೆ ನಮ್ಮ ದೇಶದ ಔಷಧ ಸುರಕ್ಷತಾ ವಿಭಾಗವೇ 2023ರ ಕೊನೆಯಲ್ಲಿ ಎಚ್ಚರಿಸಿತ್ತು.

ಟ್ರನೆಕ್ಸಾಮಿಕ್ ಆಸಿಡ್‌ನ ಎಚ್ಚರಿಕೆಯೇ ಬೇರೆ. ಅದು ಹೆಪ್ಪನ್ನು ಕರಗಲು ಬಿಡುವುದಿಲ್ಲ. ಹಾಗಾಗಿ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು ಇದನ್ನು ತಗೊಳ್ಳಬಾರದು. ಪಾರ್ಶ್ವವಾಯು ಆದವರು, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತಗೊಳ್ಳುವವರು ವೈದ್ಯರಿಗೆ ಮೊದಲೇ ಹೇಳಬೇಕು. ಈ ಔಷಧಿ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಸರಿ ಇಲ್ಲದವರಿಗೆ ಪ್ರಮಾಣ ಇಳಿಸಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಉಸಿರು ಸಿಕ್ಕಿಕೊಂಡರೆ, ಬಣ್ಣಗಳು ಬೇರೆ ಥರ ಕಂಡರೆ ಮಾತ್ರೆ ನಿಲ್ಲಿಸಿ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಹಾರ್ಮೋನ್ ದಾರಿಯ ಕಥೆ ಉದ್ದ, ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಹಬ್ಬಕ್ಕೆ, ಮದುವೆಗೆ ಮುಟ್ಟು ಮುಂದೂಡಲು ನಮ್ಮ ಮನೆಗಳಲ್ಲಿ ನುಂಗುವ ನೊರೆಥಿಸ್ಟರೋನ್‌ನಿಂದಲೇ ಜಾಸ್ತಿ ರಕ್ತಸ್ರಾವವನ್ನೂ ಹಿಡಿಯುತ್ತಾರೆ. ಆದರೆ ಮುಂದಿನ ಮುಟ್ಟಿಗೆ ಮುಂಚಿನ ಹತ್ತು ದಿನ ಮಾತ್ರ ಕೊಟ್ಟರೆ ಉಪಯೋಗ ಅಷ್ಟಕ್ಕಷ್ಟೆ. ಮುಟ್ಟು ಶುರುವಾದ ದಿನದಿಂದ ಎಣಿಸಿ ಐದನೇ ದಿನದಿಂದ ಇಪ್ಪತ್ತಾರನೇ ದಿನದವರೆಗೆ ಕೊಟ್ಟರೆ ಕೆಲಸ ಮಾಡುತ್ತದೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ 1990ರಲ್ಲಿ ಫಿನ್ಲೆಂಡಿನಲ್ಲಿ ಮಾರಾಟಕ್ಕೆ ಬಂತು. ನೋಡಲು ಕಾಪರ್-ಟಿ ಥರವೇ ಇರುತ್ತದೆ, ಆದರೆ ಕೆಲಸ ಉಲ್ಟಾ. ಕಾಪರ್-ಟಿ ರಕ್ತಸ್ರಾವವನ್ನು ಜಾಸ್ತಿ ಮಾಡಬಹುದು, ಇದು ಎಲ್ಲ ಮಾತ್ರೆಗಳಿಗಿಂತ ಜಾಸ್ತಿ ಇಳಿಸುತ್ತದೆ. ಮೊದಲ ಕೆಲವು ತಿಂಗಳು ಹನಿ ಹನಿಯಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಹೆದರಿ ತೆಗೆಸಿಬಿಡುತ್ತಾರೆ.

ಇಷ್ಟೆಲ್ಲ ಇದ್ದೂ ನಮ್ಮ ಕೆಲವು ಕಡೆ ಮಾತ್ರೆಯಿಂದ ನೇರ ಗರ್ಭಕೋಶ ತೆಗೆಸುವಲ್ಲಿಗೆ ಹೋದದ್ದಿದೆ. ನಡುವೆ ಕೇಳಬೇಕಾದ ಪ್ರಶ್ನೆ ಒಂದೇ: ರಕ್ತ ಯಾಕೆ ಜಾಸ್ತಿ ಹೋಗುತ್ತಿದೆ? ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇರಬಹುದು, ಥೈರಾಯ್ಡ್ ತೊಂದರೆ ಇರಬಹುದು. ಮೊದಲ ಮುಟ್ಟಿನಿಂದಲೇ ಹೀಗಿದ್ದು ಮೂಗಿನಲ್ಲೂ ರಕ್ತ ಬರುವ ಹುಡುಗಿಗೆ ರಕ್ತ ಹೆಪ್ಪುಗಟ್ಟುವುದರಲ್ಲೇ ದೋಷ ಇರಬಹುದು. ಅವಳಿಗೆ ಮೆಫೆನಾಮಿಕ್ ಆಸಿಡ್ ಕೊಟ್ಟರೆ ಸ್ರಾವ ಇನ್ನೂ ಜಾಸ್ತಿಯಾದೀತು, ಟ್ರನೆಕ್ಸಾಮಿಕ್ ಆಸಿಡ್ ಸಹಾಯ ಮಾಡೀತು. 45 ದಾಟಿದವರಲ್ಲಿ ಹೊಸದಾಗಿ ಶುರುವಾದ ರಕ್ತಸ್ರಾವಕ್ಕೆ ಸ್ಕ್ಯಾನ್ ಮಾಡಿ, ಬೇಕಿದ್ದರೆ ಒಳಪದರದ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಹಿಮೋಗ್ಲೋಬಿನ್ ಪರೀಕ್ಷೆಯಂತೂ ಎಲ್ಲರಿಗೂ ಬೇಕು. ಸ್ರಾವ ಹತೋಟಿಗೆ ಬಂದರೂ ಕಳೆದುಹೋದ ಕಬ್ಬಿಣಾಂಶ ಈ ಯಾವ ಮಾತ್ರೆಯಿಂದಲೂ ವಾಪಸ್ ಬರುವುದಿಲ್ಲ. ಅದಕ್ಕೆ ಐರನ್ ಮಾತ್ರೆಯನ್ನು ಬೇರೆಯಾಗಿಯೇ, ತಿಂಗಳುಗಟ್ಟಲೆ ತಗೊಳ್ಳಬೇಕಾಗುತ್ತದೆ.